ಕೊಲೆ ಪತ್ತೆ ಆಟ ಕೈಕೊಟ್ಟರೆ: ಎಲ್ಲರ ಕೈಗೂ ಒಂದೊಂದು ಬೇಕೇಬೇಕಾದ ಸುಳಿವು ಕೊಟ್ಟ ಆಟದಲ್ಲಿ ದೋಷ ಹುಡುಕುವುದು

ಮನೆಗೆ ಆರೆಂಟು ಜನ ಬರುತ್ತಾರೆ, ಒಬ್ಬೊಬ್ಬರಿಗೆ ಒಂದೊಂದು ಪಾತ್ರ, ಒಂದೊಂದು ಚೀಟಿ. ಪ್ರತಿ ಚೀಟಿಯಲ್ಲೂ ಒಂದು ಸುಳಿವು. ಎಲ್ಲ ಸುಳಿವು ಸೇರಿದರೆ ಮಾತ್ರ ಕೊಲೆಗಾರ ಸಿಗಬೇಕು, ಒಂದು ಕಡಿಮೆಯಾದರೂ ಸಿಗಬಾರದು. ಹೇಳುವುದಕ್ಕೆ ಇಷ್ಟೇ. ಆದರೆ ಇಂಥ ಆಟ ಬರೆದವರ ದೂರು ಸಾಮಾನ್ಯವಾಗಿ ಮೂರು ಥರ ಇರುತ್ತದೆ. ಕಾಫಿ ಆರುವ ಮೊದಲೇ ಆಟ ಮುಗಿದುಹೋಯಿತು ಅನ್ನುವುದು ಒಂದು. ಇಬ್ಬರು ಮೂಲೆಯಲ್ಲಿ ಸುಮ್ನೆ ಕೂತಿದ್ದರು, ಅವರ ಚೀಟಿ ಯಾರಿಗೂ ಬೇಕಾಗಲೇ ಇಲ್ಲ ಅನ್ನುವುದು ಇನ್ನೊಂದು. ಎಲ್ಲರೂ ಗಂಟೆಗಟ್ಟಲೆ ಮಾತಾಡಿದರು, ಕೊನೆಗೆ ಯಾರೋ ಊಹೆಯ ಮೇಲೆ ಒಂದು ಹೆಸರು ಹೇಳಿದರು ಅನ್ನುವುದು ಮೂರನೆಯದು.

ಮೂರಕ್ಕೂ ಕಾರಣ ಬೇರೆ ಬೇರೆ, ಮದ್ದೂ ಬೇರೆ. ಆದ್ದರಿಂದ ಚೀಟಿ ತಿದ್ದೋಕೆ ಕೂರುವ ಮೊದಲು ದೋಷ ಎಲ್ಲಿದೆ ಅಂತ ಗೊತ್ತುಮಾಡಿಕೊಳ್ಳಿ.

ಮೊದಲು: ಚೀಟಿಯಲ್ಲಿ ತಪ್ಪೋ, ಮಾತಿನಲ್ಲಿ ತಪ್ಪೋ?

ಆಟದ ಬಗ್ಗೆ ಏನೂ ಗೊತ್ತಿಲ್ಲದ ಒಬ್ಬರನ್ನು ಕೂರಿಸಿಕೊಳ್ಳಿ. ಪಕ್ಕದ ಮನೆಯವರಾದರೂ ಸರಿ, ಕಾಲೇಜಿಗೆ ಹೋಗುವ ತಂಗಿಯಾದರೂ ಸರಿ. ಎಲ್ಲ ಚೀಟಿಗಳನ್ನೂ ಬಿಚ್ಚಿ ಮೇಜಿನ ಮೇಲೆ ಹರಡಿ, ಇದರಿಂದ ಕೊಲೆಗಾರ ಯಾರು ಅಂತ ಹೇಳು, ಯಾಕೆ ಅಂತಾನೂ ಹೇಳು ಅನ್ನಿ. ನೀವು ಬಾಯಿ ಬಿಡಬೇಡಿ.

ಎಲ್ಲವೂ ಕಣ್ಣ ಮುಂದೆ ಇದ್ದರೂ ಅವರಿಗೆ ಬಿಡಿಸೋಕೆ ಆಗದಿದ್ದರೆ ಚೀಟಿಗಳಲ್ಲೇ ಕೊರತೆ ಇದೆ. ಎಷ್ಟು ಚೆನ್ನಾಗಿ ಆಡಿಸಿದರೂ ಆ ಆಟ ನಡೆಯೋದಿಲ್ಲ. ಬಿಡಿಸಿದರೆ ಇನ್ನೊಬ್ಬರನ್ನು ಕರೆದು, ಈ ಸಲ ಒಂದು ಚೀಟಿ ಬಚ್ಚಿಟ್ಟು ಅದನ್ನೇ ಕೇಳಿ. ಆಗಲೂ ಖಚಿತವಾಗಿ ಬಿಡಿಸಿದರೆ ಬಚ್ಚಿಟ್ಟ ಚೀಟಿ ಹಿಡಿದ ಅತಿಥಿಗೆ ಆಟದಲ್ಲಿ ಕೆಲಸವೇ ಇಲ್ಲ ಅಂತ ಅರ್ಥ. ಇನ್ನು ಚೀಟಿ ಎಲ್ಲ ಸರಿಯಾಗೇ ಇದ್ದು, ಮೇಜಿನ ಮೇಲೆ ಹರಡಿದಾಗ ಬಿಡಿಸಲು ಬಂದು, ಪಾರ್ಟಿಯಲ್ಲಿ ಮಾತ್ರ ಯಾರಿಗೂ ಬಿಡಿಸಲು ಆಗದಿದ್ದರೆ ತಪ್ಪು ಮಾತು ಹರಿಯುವ ದಾರಿಯಲ್ಲಿದೆ. ಆಗ ಸುಳಿವನ್ನು ಮುಟ್ಟಬೇಡಿ. ಸುಮಾರು ಜನ ಇಲ್ಲೇ ಎಡವುತ್ತಾರೆ. ಮಾತು ಹರಿಯಲಿಲ್ಲ ಅಂತ ಸುಳಿವನ್ನು ಸುಲಭ ಮಾಡುತ್ತಾರೆ, ಮುಂದಿನ ಸಲ ಆಟ ಕಾಲು ಗಂಟೆಗೆ ಮುಗಿಯುತ್ತದೆ.

ಒಂದು ಉದಾಹರಣೆ: ತಿಪಟೂರಿನ ಕೊಬ್ಬರಿ ಸಾಹುಕಾರ

ತುಮಕೂರಿನ ಗೆಳತಿಯೊಬ್ಬರು ತಮ್ಮ ಮನೆಯ ಪಾರ್ಟಿಗೆ ಅಂತ ಬರೆದ ಆಟ ಇದು. ಒಮ್ಮೆ ಆಡಿಸಿದ ಮೇಲೆ, ಎಲ್ಲೋ ಹಿಡಿತ ತಪ್ಪಿದೆ ನೋಡಿಕೊಡಿ ಅಂತ ನನ್ನ ಹತ್ತಿರ ತಂದರು. ಕಥೆ ತುಂಬಾ ಚೆನ್ನಾಗಿದೆ. ತಿಪಟೂರಿನ ಕೊಬ್ಬರಿ ಮಂಡಿ ಸಾಹುಕಾರರೊಬ್ಬರು ಒಂದು ಸಂಜೆ ತಮ್ಮ ಮನೆಯ ಹಜಾರದಲ್ಲಿ ವಿಷದಿಂದ ಸಾಯುತ್ತಾರೆ. ಮೇಜಿನ ಮೇಲೆ ಮೂರು ವಸ್ತು ಇವೆ: ಕಾಫಿ ಲೋಟ, ಮಜ್ಜಿಗೆ ಚೊಂಬು, ಎಲೆ ಅಡಿಕೆ ತಟ್ಟೆ. ಏಳು ಗಂಟೆಗೆ ಕರೆಂಟು ಹೋಗಿ ಏಳು ಹತ್ತಕ್ಕೆ ಬಂತು. ಆ ಹತ್ತು ನಿಮಿಷದ ಕತ್ತಲಲ್ಲೇ ಮೂರರಲ್ಲಿ ಒಂದಕ್ಕೆ ಯಾರೋ ವಿಷ ಹಾಕಿದ್ದಾರೆ. ಇಷ್ಟು ಎಲ್ಲರಿಗೂ ಗೊತ್ತಿರುವ ವಿಷಯ.

ಆರು ಅತಿಥಿಗಳು, ಆರು ಪಾತ್ರ: ಗುಮಾಸ್ತ, ಅಳಿಯ, ದಲ್ಲಾಳಿ, ಹಮಾಲರ ಮೇಸ್ತ್ರಿ, ಅಡುಗೆಯ ಸಾವಿತ್ರಮ್ಮ, ಸಾಹುಕಾರರ ತಮ್ಮ. ಆರು ಜನರ ಮೇಲೂ ಅನುಮಾನ. ಬಿಡಿಸಬೇಕಾದ ಪ್ರಶ್ನೆ ಎರಡು: ಯಾರು ಹಾಕಿದರು, ಯಾವುದರಲ್ಲಿ ಹಾಕಿದರು. ಉತ್ತರ: ಗುಮಾಸ್ತ, ಎಲೆ ಅಡಿಕೆ ತಟ್ಟೆಯಲ್ಲಿ.

ಎರಡನೇ ಪ್ರಶ್ನೆ ಯಾಕೆ ಬೇಕು ಅಂತ ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಅದಿಲ್ಲದ ಆಟಕ್ಕೆ ಮದ್ದೇ ಇಲ್ಲ. ಅತಿಥಿಗಳೇ ಶಂಕಿತರಾದರೆ, ಆರು ಜನರಲ್ಲಿ ಒಬ್ಬ ಕೊಲೆಗಾರ, ಪಟ್ಟಿಯಿಂದ ಹೊಡೆದುಹಾಕಬೇಕಾದವರು ಐದೇ ಜನ. ಒಂದು ಸುಳಿವು ಬೇಕೇಬೇಕು ಅನ್ನಿಸಿಕೊಳ್ಳಬೇಕಾದರೆ ಅದು ಮಾತ್ರ ಹೊಡೆದುಹಾಕುವ ಹೆಸರು ಒಂದಾದರೂ ಇರಬೇಕು, ಅಲ್ವಾ? ಐದು ಹೆಸರಿಗೆ ಆರು ಸುಳಿವು ಹಂಚಿದರೆ ಕನಿಷ್ಠ ಒಂದು ಸುಳಿವಿಗೆ ತನ್ನದೇ ಅನ್ನುವ ಹೆಸರು ಸಿಗುವುದಿಲ್ಲ. ನೀವು ಎಷ್ಟು ಜಾಣತನದಿಂದ ಬರೆದರೂ ಒಬ್ಬ ಅತಿಥಿ ಹೆಚ್ಚುವರಿಯಾಗಿ ಉಳಿದೇ ಉಳಿಯುತ್ತಾರೆ. ಎರಡನೇ ಪ್ರಶ್ನೆ ಸೇರಿಸಿ, ಅದಕ್ಕೆ ಮೂರು ಉತ್ತರ ಇಟ್ಟರೆ ಹೊಡೆದುಹಾಕುವುದಕ್ಕೆ ಇನ್ನೆರಡು ಸಿಗುತ್ತವೆ. ಲೆಕ್ಕ ಇಷ್ಟು:

```
(ಶಂಕಿತರು - 1) + (ವಸ್ತುಗಳು - 1) >= ಅತಿಥಿಗಳು
(6 - 1) + (3 - 1) = 7,  7 >= 6
```

ಎಡಗಡೆಯ ಸಂಖ್ಯೆ ಅತಿಥಿಗಳಿಗಿಂತ ಕಡಿಮೆ ಬಂದರೆ ಅಲ್ಲೇ ನಿಲ್ಲಿಸಿ, ಪ್ರಶ್ನೆ ಸೇರಿಸಿ ಅಥವಾ ವಸ್ತು ಸೇರಿಸಿ. ಒಂದು ಹೆಚ್ಚು ಬಂದರೆ ಒಳ್ಳೆಯದು, ಒಂದು ಸುಳಿವಿಗೆ ಎರಡು ಹೆಸರು ಹೊಡೆಯುವ ಕೆಲಸ ಕೊಡಬಹುದು. ಆಂಟನಿ ಪ್ರ್ಯಾಟ್ ಎಂಬ ಇಂಗ್ಲಿಷಿನವರು ರೂಪಿಸಿ 1949ರಲ್ಲಿ ಮಾರುಕಟ್ಟೆಗೆ ಬಂದ ಕ್ಲೂಡೊ ಬೋರ್ಡ್ ಆಟದಲ್ಲೂ ಬರೀ ಯಾರು ಅಂತ ಕೇಳುವುದಿಲ್ಲ. ಆರು ಜನ, ಆರು ಆಯುಧ, ಒಂಬತ್ತು ಕೋಣೆ, ಅಂದರೆ 324 ಸಾಧ್ಯತೆ. ಅಲ್ಲಿ ಆಟಗಾರರ ಕೈಯಲ್ಲಿರುವ ಪ್ರತಿಯೊಂದು ಎಲೆಯೂ "ಇದಲ್ಲ" ಅಂತ ಮಾತ್ರ ಹೇಳುತ್ತದೆ, "ಇದೇ" ಅಂತ ಯಾವುದೂ ಹೇಳುವುದಿಲ್ಲ. ಈ ಕೊನೆಯ ಮಾತು ನೆನಪಿಡಿ, ಮುಂದೆ ಬೇಕಾಗುತ್ತದೆ.

ಗೆಳತಿಯ ಆಟದಲ್ಲಿ ಲೆಕ್ಕ ಸರಿಯಾಗಿತ್ತು. ಆದರೂ ಆಟ ಬೇಗ ಮುಗಿದಿತ್ತು, ಗುಮಾಸ್ತ ಮತ್ತು ದಲ್ಲಾಳಿ ಪಾತ್ರದವರು ಬಾಯಿ ತೆರೆಯುವ ಅವಶ್ಯಕತೆಯೇ ಬಂದಿರಲಿಲ್ಲ. ದಲ್ಲಾಳಿ ಪಾತ್ರ ಮಾಡಿದ ಅವರ ಭಾವ, "ನನ್ನ ಚೀಟಿ ಓದೋಕೆ ಮುಂಚೆನೇ ಮುಗಿಸಿಬಿಟ್ರಲ್ಲಮ್ಮ" ಅಂದರಂತೆ. ಇದು ಎರಡನೇ ದೂರು, ಚೀಟಿಯ ದೋಷ.

ಹೊಡೆಯುವ ಪಟ್ಟಿ ಹಾಕಿ

ಒಂದು ಹಾಳೆ ತಗೊಳ್ಳಿ. ಎಡಗಡೆ ಒಂದೊಂದು ಸಾಲಿಗೆ ಒಂದೊಂದು ಚೀಟಿ ಬರೆಯಿರಿ. ಅದರ ಎದುರು, ಆ ಚೀಟಿ ಒಂದೇ ಕೈಯಲ್ಲಿದ್ದರೆ ಯಾರನ್ನು ಅಥವಾ ಯಾವ ವಸ್ತುವನ್ನು ಪಟ್ಟಿಯಿಂದ ತೆಗೆಯಬಹುದು ಅಂತ ಬರೆಯಿರಿ. ನೀವು ಏನು ಹೇಳಬೇಕೆಂದುಕೊಂಡಿರಿ ಅನ್ನುವುದು ಇಲ್ಲಿ ಬೇಡ. ಚೀಟಿಯಲ್ಲಿ ಇರುವ ಅಕ್ಷರದಿಂದ ಒಬ್ಬ ಹಠಮಾರಿ ಓದುಗ ಏನೇನು ತೆಗೆಯಬಹುದೋ ಅಷ್ಟನ್ನೂ ಬರೆಯಿರಿ.

ಗೆಳತಿಯ ಮೊದಲ ಆಟದ ಪಟ್ಟಿ ಹೀಗೆ ಬಂತು:

| ಚೀಟಿ ಯಾರದು | ಹೊಡೆದುಹಾಕುವುದು |
|---|---|
| ಸಾವಿತ್ರಮ್ಮ | ಕಾಫಿ, ಮಜ್ಜಿಗೆ |
| ಗುಮಾಸ್ತ | ಮಜ್ಜಿಗೆ |
| ಮೇಸ್ತ್ರಿ | ದಲ್ಲಾಳಿ, ಮೇಸ್ತ್ರಿ |
| ದಲ್ಲಾಳಿ | ಮೇಸ್ತ್ರಿ |
| ಅಳಿಯ | ತಮ್ಮ, ಸಾವಿತ್ರಮ್ಮ |
| ತಮ್ಮ | ಅಳಿಯ |

ಈಗ ಬಲಗಡೆ ಒಂದೊಂದೇ ಹೆಸರು ಹಿಡಿದು ಅದು ಎಷ್ಟು ಸಾಲಿನಲ್ಲಿದೆ ನೋಡಿ. ಮಜ್ಜಿಗೆ ಎರಡು ಕಡೆ ಇದೆ, ಮೇಸ್ತ್ರಿ ಎರಡು ಕಡೆ ಇದ್ದಾನೆ. ಗುಮಾಸ್ತನ ಚೀಟಿ ಹೊಡೆಯುವ ಒಂದೇ ಒಂದು ವಸ್ತುವನ್ನು ಸಾವಿತ್ರಮ್ಮನ ಚೀಟಿ ಆಗಲೇ ಹೊಡೆದುಬಿಟ್ಟಿದೆ. ದಲ್ಲಾಳಿಯ ಕಥೆಯೂ ಅದೇ. ಪಾರ್ಟಿಯಲ್ಲಿ ಸುಮ್ನೆ ಕೂತವರೂ ಇವರಿಬ್ಬರೇ. ಅವರ ಸಂಕೋಚವೂ ಅಲ್ಲ, ಆಡಿಸಿದವರ ತಪ್ಪೂ ಅಲ್ಲ. ಹಾಳೆಯ ಮೇಲೇ ಅದು ಬರೆದಿತ್ತು.

ನಿಯಮ ಇಷ್ಟೇ: ಪ್ರತಿ ಸಾಲಿನಲ್ಲೂ ಬೇರೆ ಯಾವ ಸಾಲಿನಲ್ಲೂ ಇಲ್ಲದ ಹೆಸರು ಒಂದಾದರೂ ಇರಬೇಕು. ಎಲ್ಲ ಸಾಲು ಸೇರಿದಾಗ ಕೊಲೆಗಾರ ಮತ್ತು ಸರಿಯಾದ ವಸ್ತು ಬಿಟ್ಟು ಉಳಿದೆಲ್ಲ ಹೋಗಿರಬೇಕು. ಇದೆರಡೂ ಕೂಡಿಬಂದರೆ ಪ್ರತಿ ಅತಿಥಿಯ ಸುಳಿವೂ ಬೇಕೇಬೇಕು.

ಸಾವಿತ್ರಮ್ಮನ ಸಾಲು: ಬೆರಳು ತೋರಿಸುವ ಸುಳಿವು

ಸಾವಿತ್ರಮ್ಮನ ಚೀಟಿಯಲ್ಲಿ ಇದ್ದದ್ದು: "ಎಲೆ ಅಡಿಕೆ ತಟ್ಟೆಯಿಂದ ಏನೋ ಕಟು ವಾಸನೆ ಬರುತ್ತಿತ್ತು." ಇದು "ಇದೇ" ಅಂತ ಹೇಳುವ ಸುಳಿವು. ಒಂದರ ಕಡೆ ಬೆರಳು ತೋರಿಸಿದ ಕೂಡಲೇ ಉಳಿದ ಎಲ್ಲವೂ ಒಟ್ಟಿಗೆ ಬಿದ್ದುಹೋಗುತ್ತವೆ, ಅವನ್ನು ಬೀಳಿಸಬೇಕಾದ ಬೇರೆ ಚೀಟಿಗಳಿಗೆ ಕೆಲಸ ತಪ್ಪುತ್ತದೆ. ಗುಮಾಸ್ತನ ಜೇಬಲ್ಲಿ ವಿಷದ ಪೊಟ್ಟಣ ಕಂಡೆ ಅನ್ನುವಂಥ ಚೀಟಿ ಬರೆದರಂತೂ ಐದು ಹೆಸರು ಒಂದೇ ಏಟಿಗೆ ಹೋಗುತ್ತವೆ. ಆಟ ಹತ್ತು ನಿಮಿಷಕ್ಕೆ ಮುಗಿಯಿತು ಅನ್ನುವ ದೂರು ಬಂದಾಗ ನಾನು ಮೊದಲು ಹುಡುಕುವುದು ಇದನ್ನೇ.

ತಿದ್ದುವುದು ಸುಲಭ. ಸುಳಿವನ್ನು "ಇದಲ್ಲ" ಅನ್ನುವ ಕಡೆಗೆ ತಿರುಗಿಸಿ. ಸಾವಿತ್ರಮ್ಮನ ಹೊಸ ಚೀಟಿ: "ಎಲ್ಲ ಆದಮೇಲೆ ಲೋಟ ತೊಳೆಯೋಕೆ ಹೋದೆ. ಕಾಫಿ ನಾನು ಬೆರೆಸಿಕೊಟ್ಟಷ್ಟೇ ಇತ್ತು, ಮೇಲೆ ಕೆನೆ ಕಟ್ಟಿತ್ತು, ಒಂದು ಗುಟುಕೂ ಕುಡಿದಿರಲಿಲ್ಲ." ಕಾಫಿ ಒಂದೇ ಹೋಯಿತು. ಮಜ್ಜಿಗೆ ಹೊಡೆಯುವ ಕೆಲಸ ಗುಮಾಸ್ತನಿಗೆ ವಾಪಸ್ ಬಂತು.

ಮೇಸ್ತ್ರಿಯ ಸಾಲು: ನೋಡಿದವನೂ ಪಾರಾಗುತ್ತಾನೆ

ಇದು ಸ್ವಲ್ಪ ಸೂಕ್ಷ್ಮ, ಅದಕ್ಕೇ ಬರೆಯುವಾಗ ಕಣ್ಣಿಗೆ ಬೀಳುವುದೇ ಇಲ್ಲ. ಮೇಸ್ತ್ರಿಯ ಚೀಟಿ: "ಕೊಬ್ಬರಿ ಅಟ್ಟದ ಕಿಟಕಿಯಲ್ಲಿ ನಿಂತಿದ್ದೆ. ಕರೆಂಟು ಹೋದಾಗಿನಿಂದ ಬರುವ ತನಕ ದಲ್ಲಾಳಿ ಬೀದಿಯಲ್ಲಿ ಲಾರಿಯ ಹೆಡ್‌ಲೈಟ್ ಬೆಳಕಲ್ಲಿ ನಿಂತಿದ್ದನ್ನು ನೋಡಿದೆ." ಗೆಳತಿ ಇದನ್ನು ಬರೆದದ್ದು ದಲ್ಲಾಳಿಯನ್ನು ಬಿಡಿಸೋಕೆ. ಆದರೆ ಹತ್ತು ನಿಮಿಷ ಪೂರ್ತಿ ಕಿಟಕಿಯಿಂದ ನೋಡಿದವನು ಆ ಹತ್ತು ನಿಮಿಷ ಕಿಟಕಿಯಲ್ಲೇ ಇದ್ದ, ಅಲ್ವಾ? ಚೀಟಿಯಲ್ಲಿ ಅಚ್ಚಾದದ್ದೆಲ್ಲ ನಿಜ ಅನ್ನುವುದು ಇಂಥ ಆಟಗಳ ಸಾಮಾನ್ಯ ನಿಯಮ. ಹಾಗಾದರೆ ಮೇಸ್ತ್ರಿ ತಾನೂ ಪಾರಾದ. ಇನ್ನು ಅವನನ್ನು ಬಿಡಿಸೋಕೆ ದಲ್ಲಾಳಿಯ ಚೀಟಿ ಯಾಕೆ ಬೇಕು?

ಯಾರೋ ಯಾರನ್ನೋ ಉದ್ದಕ್ಕೂ ನೋಡುತ್ತಿದ್ದರು, ಇಬ್ಬರೂ ಒಟ್ಟಿಗೆ ಇದ್ದರು, ಫೋನಲ್ಲಿ ಮಾತಾಡುತ್ತಿದ್ದರು ಅನ್ನುವ ಸುಳಿವುಗಳೆಲ್ಲ ಹೀಗೆ ಎರಡೂ ಕಡೆ ಕೊಯ್ಯುತ್ತವೆ. ನಿಮ್ಮ ಚೀಟಿಗಳಲ್ಲಿ "ನೋಡಿದೆ", "ಜೊತೆಗಿದ್ದೆ" ಅನ್ನುವ ಪದಗಳ ಕೆಳಗೆ ಗೆರೆ ಎಳೆದುನೋಡಿ. ಅದು ಕೊಲೆಯ ಸಮಯದೊಳಗಿನ ಮಾತಾದರೆ ಚೀಟಿ ಹಿಡಿದವರ ಹೆಸರನ್ನೂ ಬಲಗಡೆ ಸೇರಿಸಲೇಬೇಕು.

ಮದ್ದು ಏನೆಂದರೆ, ಸಾಕ್ಷಿ ಕಣ್ಣಿನದಾಗುವ ಬದಲು ವಸ್ತುವಿನದಾಗಬೇಕು, ಮತ್ತು ಆ ವಸ್ತು ಸಿಕ್ಕಿದ್ದು ಕೊಲೆಯ ಸಮಯ ಕಳೆದ ಮೇಲೆ ಆಗಿರಬೇಕು. ಮೇಸ್ತ್ರಿಯ ಹೊಸ ಚೀಟಿ: "ರಾತ್ರಿ ಲಾರಿ ಗುಡಿಸುವಾಗ ವೇಬ್ರಿಡ್ಜ್ ತೂಕದ ಚೀಟಿ ಸಿಕ್ಕಿತು. ಸಮಯ 7:05, ಕೆಳಗೆ ದಲ್ಲಾಳಿ ಕೈಯಾರೆ ಹಾಕಿದ ಸಹಿ. ವೇಬ್ರಿಡ್ಜ್ ಇರುವುದು ಊರ ಹೊರಗೆ." ದಲ್ಲಾಳಿ ಪಾರು. ಮೇಸ್ತ್ರಿ ಆ ಹೊತ್ತಿನಲ್ಲಿ ಎಲ್ಲಿದ್ದ ಅನ್ನುವುದು ಈ ಚೀಟಿಯಿಂದ ಗೊತ್ತಾಗುವುದಿಲ್ಲ.

ದಲ್ಲಾಳಿಯ ಚೀಟಿ ಮೊದಲಿನಂತೆಯೇ ಇರಲಿ: "ಆರು ಐವತ್ತಕ್ಕೆ ಮೇಸ್ತ್ರಿ ಅಟ್ಟದ ಮೇಲಿದ್ದಾಗಲೇ ಏಣಿ ತೆಗೆದು ಲಾರಿಗೆ ಹಾಕಿಸಿಬಿಟ್ಟೆ. ಲಾರಿ ವಾಪಸ್ ಬಂದಿದ್ದು ಏಳೂವರೆಗೆ. ಅಟ್ಟದಿಂದ ಇಳಿಯೋಕೆ ಬೇರೆ ದಾರಿ ಇಲ್ಲ." ಲಾರಿ ಹೋಯಿತು ಅಂತ ಇದೆಯೇ ಹೊರತು ತಾನೂ ಅದರಲ್ಲಿ ಹೋದೆ ಅಂತ ಇಲ್ಲ. ಆ ಒಂದು ಮಾತು ಸೇರಿಸಿದರೆ ಮೇಸ್ತ್ರಿಯ ತೂಕದ ಚೀಟಿ ಕೆಲಸ ಕಳೆದುಕೊಳ್ಳುತ್ತದೆ. ತಿಪಟೂರು ಸೀಮೆಯ ಮನೆಗಳಿಗೆ ಈ ಅಟ್ಟ ಚೆನ್ನಾಗಿ ಹೊಂದುತ್ತದೆ. ತೆಂಗಿನಕಾಯಿಯನ್ನು ತಿಂಗಳುಗಟ್ಟಲೆ ಅಟ್ಟದಲ್ಲಿ ಹಾಕಿ, ಒಳಗಿನ ನೀರು ಇಂಗಿ ಕೊಬ್ಬರಿ ಚಿಪ್ಪಿನಿಂದ ಬಿಟ್ಟು ಗಡಗಡ ಅನ್ನುವ ತನಕ ಕಾಯುತ್ತಾರಲ್ಲ, ಆ ಅಟ್ಟ. ಕಥೆಯಲ್ಲಿ ಮೇಸ್ತ್ರಿ ಅಲ್ಲಿ ಯಾಕಿದ್ದ ಅಂತ ಯಾರೂ ಕೇಳುವುದಿಲ್ಲ.

ಉಳಿದ ಎರಡು ಚೀಟಿ ಮೊದಲೇ ವಸ್ತುವಿನ ಸುಳಿವುಗಳಾಗಿದ್ದವು. ಅಳಿಯನ ಫೋನಿಗೆ ಊರ ಹೊರಗಿನ ನೆಂಟರ ಮನೆಯಿಂದ ಬಂದ ಮಗುವಿನ ಹುಟ್ಟುಹಬ್ಬದ ಫೋಟೊ: ಮಗುವಿನ ಹಿಂದೆ ತಮ್ಮ ಮತ್ತು ಸಾವಿತ್ರಮ್ಮ ನಿಂತಿದ್ದಾರೆ, ಗೋಡೆ ಗಡಿಯಾರದಲ್ಲಿ ಏಳು ಗಂಟೆ ಐದು ನಿಮಿಷ. ತಮ್ಮನಿಗೆ ಮರುದಿನ ಸ್ಕೂಟರ್ ಡಿಕ್ಕಿಯಲ್ಲಿ ಸಿಕ್ಕಿದ್ದು ಅಳಿಯನ ಹೆಸರು ಮತ್ತು 7:04 ಅಂತ ಅಚ್ಚಾದ ಇಸಿಜಿ ಹಾಳೆ. ಇಲ್ಲಿ ಪೆಟ್ರೋಲ್ ಬಿಲ್ ಇಟ್ಟಿದ್ದರೆ ಸಾಲುತ್ತಿರಲಿಲ್ಲ, ಸ್ಕೂಟರನ್ನು ಬೇರೆಯವರು ತಗೊಂಡು ಹೋಗಿರಬಹುದು ಅಂತ ಯಾರಾದರೂ ವಾದ ತೆಗೆಯುತ್ತಾರೆ. ಇಸಿಜಿಯನ್ನು ಬೇರೆಯವರ ಪರವಾಗಿ ಮಾಡಿಸಿಕೊಳ್ಳೋಕೆ ಆಗುವುದಿಲ್ಲ.

ಪಟ್ಟಿ ಮತ್ತೆ ಹಾಕಿದರೆ: ಸಾವಿತ್ರಮ್ಮನ ಚೀಟಿ ಕಾಫಿಯನ್ನು, ಗುಮಾಸ್ತನದು ಮಜ್ಜಿಗೆಯನ್ನು, ಮೇಸ್ತ್ರಿಯದು ದಲ್ಲಾಳಿಯನ್ನು, ದಲ್ಲಾಳಿಯದು ಮೇಸ್ತ್ರಿಯನ್ನು, ಅಳಿಯನದು ತಮ್ಮ ಮತ್ತು ಸಾವಿತ್ರಮ್ಮ ಇಬ್ಬರನ್ನು, ತಮ್ಮನದು ಅಳಿಯನನ್ನು ಹೊಡೆಯುತ್ತದೆ. ಯಾವ ಹೆಸರೂ ಎರಡು ಸಲ ಇಲ್ಲ. ಆರು ಜನ, ಮೂರು ವಸ್ತು, ಹದಿನೆಂಟು ಸಾಧ್ಯತೆಗಳಲ್ಲಿ ಒಂದೇ ಉಳಿಯಿತು. ತಮ್ಮನ ಚೀಟಿ ತೆಗೆದು ನೋಡಿ: ಗುಮಾಸ್ತ ಮತ್ತು ಅಳಿಯ ಇಬ್ಬರೂ ಉಳಿಯುತ್ತಾರೆ. ಸಾವಿತ್ರಮ್ಮನದು ತೆಗೆದರೆ ಯಾರು ಅಂತ ಗೊತ್ತಾದರೂ ಕಾಫಿಯೋ ಎಲೆ ಅಡಿಕೆಯೋ ಗೊತ್ತಾಗದು. ಆದ್ದರಿಂದ ಎರಡೂ ಪ್ರಶ್ನೆಗೆ ಉತ್ತರ ಹೇಳಿದರೆ ಮಾತ್ರ ಗೆಲುವು ಅನ್ನುವ ನಿಯಮವನ್ನು ಮೊದಲೇ ಗಟ್ಟಿಯಾಗಿ ಹೇಳಿಬಿಡಿ.

ಯಾರಿಗೆ ಸಾಹುಕಾರರ ಮೇಲೆ ದ್ವೇಷ ಇತ್ತು ಅನ್ನುವುದನ್ನು ನಾನು ಈ ಪಟ್ಟಿಗೆ ಸೇರಿಸಿಲ್ಲ. ದ್ವೇಷ ಯಾರನ್ನೂ ಹೊಡೆದುಹಾಕುವುದಿಲ್ಲ. ಆರೂ ಜನರಿಗೆ ಒಂದೊಂದು ಕಾರಣ ಕೊಡಿ, ಮಾತಿಗೆ ರಂಗು ಬರುತ್ತದೆ, ಅಷ್ಟು ಸಾಕು.

ಕೊಲೆಗಾರನ ಚೀಟಿಗೆ ಬೇರೆ ನೋಟ ಬೇಕು

ಪಟ್ಟಿ ಸರಿಯಿದ್ದೂ ಆಟ ನಿಂತುಹೋದರೆ ಮೊದಲು ಕೊಲೆಗಾರನ ಚೀಟಿ ನೋಡಿ. ಅವನ ಸುಳಿವೂ ಬೇಕೇಬೇಕಾದದ್ದು, ಆದರೆ ಅವನಿಗೆ ಅದನ್ನು ಹೇಳುವ ಆಸೆ ಯಾಕಿರುತ್ತದೆ? ಗುಮಾಸ್ತನ ಕೈಗೆ ಅಳಿಯನನ್ನು ಬಿಡಿಸುವ ಇಸಿಜಿ ಹಾಳೆ ಕೊಟ್ಟಿದ್ದರೆ ಅವನು ಅದನ್ನು ಕೊನೆಯ ತನಕ ಜೇಬಿನಲ್ಲೇ ಇಟ್ಟುಕೊಳ್ಳುತ್ತಿದ್ದ. ಒಬ್ಬೊಬ್ಬರನ್ನೇ ಬಿಡಿಸಿದಷ್ಟೂ ಕುಣಿಕೆ ತನ್ನ ಕಡೆಗೇ ಬರುತ್ತದೆ ಅಂತ ಅವನಿಗೆ ಗೊತ್ತು.

ಹಾಗಾಗಿ ಕೊಲೆಗಾರನಿಗೆ ಎರಡನೇ ಪ್ರಶ್ನೆಯ ಸುಳಿವು ಕೊಡಿ, ಅದೂ ಹೇಳಿದರೆ ತಾನೇ ನಿರಪರಾಧಿಯಂತೆ ಕಾಣುವ ಸುಳಿವು. ಗುಮಾಸ್ತನ ಚೀಟಿ: "ಮಜ್ಜಿಗೆ ಚೊಂಬು ತಂದಿಟ್ಟವನು ನಾನೇ. ಸಾಹುಕಾರರು ಅರ್ಧ ಕುಡಿದರು. ಕರೆಂಟು ಬಂದಮೇಲೆ ಉಳಿದರ್ಧ ನಾನೇ ಕುಡಿದೆ." ಸಾವಿತ್ರಮ್ಮ ಪಾತ್ರದವರು "ಮಜ್ಜಿಗೆ ತಂದಿಟ್ಟವನು ನೀನೇ ಅಲ್ವೇನಪ್ಪ?" ಅಂತ ಕೇಳಿದ ಕೂಡಲೇ ಗುಮಾಸ್ತ ತಾನಾಗಿ ಈ ಚೀಟಿ ಓದುತ್ತಾನೆ, ಯಾಕೆಂದರೆ ಅದೇ ಅವನ ರಕ್ಷಣೆ. ಹಾಗೆ ಓದಿದಾಗಲೇ ಮಜ್ಜಿಗೆ ಪಟ್ಟಿಯಿಂದ ಹೋಗುತ್ತದೆ. ಯಾರೂ ಅವನನ್ನು ಬಲವಂತ ಮಾಡಬೇಕಾಗಿಲ್ಲ.

ಸುಳ್ಳಿನ ನಿಯಮವೂ ಇದಕ್ಕೆ ಹೊಂದಬೇಕು. ಕೊಲೆಗಾರ ಬಾಯಲ್ಲಿ ಏನು ಬೇಕಾದರೂ ಹೇಳಲಿ, ಆದರೆ ಚೀಟಿಯಲ್ಲಿ ಅಚ್ಚಾದದ್ದನ್ನು ಬದಲಾಯಿಸಿ ಓದುವ ಹಾಗಿಲ್ಲ. ಉಳಿದವರು ಮುಚ್ಚಿಡಬಹುದು, ಸುಳ್ಳು ಹೇಳುವ ಹಾಗಿಲ್ಲ. ಇದನ್ನು ಸಡಿಲ ಬಿಟ್ಟರೆ ಪಟ್ಟಿಯ ಒಂದು ಸಾಲು ಯಾವಾಗ ಬೇಕಾದರೂ ಅಳಿಸಿಹೋಗುತ್ತದೆ, ಆಮೇಲೆ ಆಟಕ್ಕೆ ಉತ್ತರವೇ ಇರುವುದಿಲ್ಲ.

ಮಾತು ಹರಿಯದಿದ್ದರೆ

ಇನ್ನು ಮೂರನೇ ದೂರು. ಚೀಟಿ ಸರಿ, ಎಲ್ಲರೂ ಮಾತಾಡುತ್ತಿದ್ದಾರೆ, ಆದರೆ ಆಟ ಮುಂದೆ ಹೋಗುತ್ತಿಲ್ಲ. ಐದು ನಿಮಿಷ ಕಿವಿಗೊಟ್ಟು ಕೇಳಿ. ಅವರು ಮಾತಾಡುತ್ತಿರುವುದು ಕರೆಂಟು ಹೋದದ್ದು, ಸಾಹುಕಾರರ ಸಾಲ, ಮಂಡಿಯ ಜಗಳ ಇಂಥವನ್ನೇ ಆಗಿದ್ದರೆ, ಅಂದರೆ ಎಲ್ಲರಿಗೂ ಮೊದಲೇ ಗೊತ್ತಿರುವುದನ್ನೇ ಆಗಿದ್ದರೆ, ಕಾರಣ ಅಲ್ಲೇ ಇದೆ.

ಗುಂಪುಗಳು ಹೀಗೆ ಮಾಡುವುದು ಸಹಜ. 1985ರಲ್ಲಿ ಅಮೆರಿಕದ ಮನಃಶಾಸ್ತ್ರಜ್ಞರಾದ ಸ್ಟಾಸರ್ ಮತ್ತು ಟೈಟಸ್ ಇದನ್ನು ಪ್ರಯೋಗ ಮಾಡಿ ತೋರಿಸಿದ್ದಾರೆ. ನಾಲ್ಕು ನಾಲ್ಕು ಜನರ ಗುಂಪಿಗೆ ವಿದ್ಯಾರ್ಥಿ ಸಂಘದ ಅಧ್ಯಕ್ಷ ಸ್ಥಾನಕ್ಕೆ ಒಬ್ಬರನ್ನು ಆರಿಸಿ ಅಂದರು. ಕೆಲವು ಮಾಹಿತಿ ನಾಲ್ವರಿಗೂ ಗೊತ್ತು, ಕೆಲವು ಒಬ್ಬೊಬ್ಬರಿಗೆ ಮಾತ್ರ ಗೊತ್ತು. ಎಲ್ಲ ಸೇರಿಸಿದರೆ ಯಾರು ಉತ್ತಮ ಅಂತ ಕಾಣುತ್ತಿತ್ತು, ಆದರೆ ಗುಂಪುಗಳು ಎಲ್ಲರಿಗೂ ಗೊತ್ತಿದ್ದ ಮಾಹಿತಿಯ ಕಡೆಗೇ ವಾಲಿದವು, ಒಬ್ಬರಿಗೆ ಮಾತ್ರ ಗೊತ್ತಿದ್ದದ್ದು ಮೂಲೆಗೆ ಬಿತ್ತು. ನಮ್ಮ ಆಟದಲ್ಲಿ ಗೆಲ್ಲಿಸುವುದು ಆ ಒಬ್ಬರಿಗೆ ಮಾತ್ರ ಗೊತ್ತಿರುವುದೇ.

ಅದೇ ಸ್ಟಾಸರ್ 1992ರಲ್ಲಿ ಸ್ಟುವರ್ಟ್ ಅವರ ಜೊತೆ ಸೇರಿ ಮಾಡಿದ ಪ್ರಯೋಗ ನಮಗೆ ಇನ್ನೂ ಹತ್ತಿರದ್ದು, ಯಾಕೆಂದರೆ ಅವರು ಬಳಸಿದ್ದು ಒಂದು ಕೊಲೆ ಪ್ರಕರಣವನ್ನೇ. ಕೊಲೆಗಾರ ಯಾರು ಅಂತ ಖಚಿತವಾಗಿ ಹೇಳುವಷ್ಟು ಸಾಕ್ಷಿ ನಿಮ್ಮ ನಡುವೆ ಇದೆ ಅಂತ ಕೆಲವು ಗುಂಪಿಗೆ ಹೇಳಿದರು. ಉಳಿದವರಿಗೆ, ಸಾಕ್ಷಿ ಸಾಲದೇ ಇರಬಹುದು, ಯಾರ ಮೇಲೆ ಅನುಮಾನ ಜಾಸ್ತಿ ಹೇಳಿ ಅಂದರು. ಮೊದಲನೆಯವರೇ ಹೆಚ್ಚಾಗಿ ಮುಖ್ಯ ಸುಳಿವುಗಳನ್ನು ಹೊರತೆಗೆದು ಸರಿ ಉತ್ತರ ಹೇಳಿದರು.

ಹಾಗಾಗಿ ಆಟ ಶುರು ಮಾಡುವಾಗ ನೀವು ಹೇಳಬೇಕಾದ ಮಾತು ಇದು: "ಊಹೆ ಬೇಡ. ಉತ್ತರ ಪೂರ್ತಿ ನಿಮ್ಮ ಆರು ಚೀಟಿಯಲ್ಲೇ ಇದೆ. ಒಬ್ಬೊಬ್ಬರ ಹತ್ತಿರವೂ ಬೇರೆ ಯಾರ ಹತ್ತಿರವೂ ಇಲ್ಲದ ಒಂದು ಸಂಗತಿ ಇದೆ." ಇಷ್ಟೇ ಹೇಳಿದರೂ ಜನ ಒಬ್ಬರನ್ನೊಬ್ಬರು ಕೇಳೋಕೆ ಶುರು ಮಾಡುತ್ತಾರೆ. ಇದರ ಜೊತೆಗೆ ಎಲ್ಲರಿಗೂ ಗೊತ್ತಿರುವ ಕಥೆಯನ್ನು ಕತ್ತರಿಸಿ. ಗೆಳತಿಯ ಆಟದಲ್ಲಿ ಸಾಹುಕಾರರ ಮನೆತನದ ಕಥೆ ಎರಡು ಪುಟ ಇತ್ತು. ಓದೋಕೆ ಸೊಗಸಾಗಿತ್ತು, ನಿಜ, ಆದರೆ ಪಾರ್ಟಿಯ ಅರ್ಧ ಹೊತ್ತು ಅದರ ಮೇಲಿನ ಮಾತಿಗೇ ಹೋಗಿತ್ತು. ಕರೆಂಟು, ಮೇಜು, ಮೂರು ವಸ್ತು, ಆರು ಪಾತ್ರ, ಎಲ್ಲ ಗಡಿಯಾರಗಳೂ ಸರಿಯಾಗಿವೆ ಅನ್ನುವ ಒಂದು ಸಾಲು, ಇಷ್ಟಕ್ಕೆ ಇಳಿಸಿದೆವು. ಗಡಿಯಾರದ ಸಾಲು ಬಿಡಬೇಡಿ. ವೇಬ್ರಿಡ್ಜ್ ಗಡಿಯಾರ ಹತ್ತು ನಿಮಿಷ ಮುಂದಿರಬಹುದಲ್ವಾ ಅಂತ ಕೇಳುವವರು ಪ್ರತಿ ಪಾರ್ಟಿಯಲ್ಲೂ ಒಬ್ಬರಿರುತ್ತಾರೆ, ಅವರ ಮಾತಿನಲ್ಲಿ ತಪ್ಪೂ ಇಲ್ಲ.

ಇನ್ನೂ ಒಂದು ಕೆಲಸ ಇದೆ. ಸುಳಿವು ಒಬ್ಬರ ಕೈಯಲ್ಲೇ ಇರಲಿ, ಆದರೆ ಅದು ಯಾರ ಕೈಯಲ್ಲಿದೆ ಅನ್ನುವುದು ಬೇರೊಬ್ಬರಿಗೆ ಗೊತ್ತಿರಬೇಕು. ಪ್ರತಿ ಚೀಟಿಯ ಕೆಳಗೆ ಎರಡನೇ ಸಾಲು ಬರೆಯಿರಿ. ಸಾವಿತ್ರಮ್ಮನಿಗೆ: "ರಾತ್ರಿ ಒಂಬತ್ತಕ್ಕೆ ಮೇಸ್ತ್ರಿ ಲಾರಿಯಿಂದ ಏನೋ ಕಾಗದ ಎತ್ತಿ ಜೇಬಿಗಿಟ್ಟುಕೊಂಡ." ಮೇಸ್ತ್ರಿಗೆ: "ಮರುದಿನ ಸಾಹುಕಾರರ ತಮ್ಮ ಸ್ಕೂಟರ್ ಡಿಕ್ಕಿ ತೆಗೆದು ಬಹಳ ಹೊತ್ತು ಏನನ್ನೋ ನೋಡುತ್ತಿದ್ದರು." ಹೀಗೆ ಆರೂ ಜನರ ಕಡೆಗೆ ಒಬ್ಬೊಬ್ಬರ ಬೆರಳು ಇರಲಿ. ಮಾತು ಕಡಿಮೆ ಆಡುವ ಚಿಕ್ಕಮ್ಮ ಬಂದಿದ್ದರೆ ಅವರ ಪಾತ್ರದ ಕಡೆಗೆ ಎರಡು ಬೆರಳು ಇರಲಿ. ಅವರಾಗಿ ಹೇಳುವುದಿಲ್ಲ, ಯಾರಾದರೂ "ಆ ಫೋಟೊ ಏನು ತೋರಿಸಿ ಚಿಕ್ಕಮ್ಮ" ಅಂದರೆ ಖುಷಿಯಾಗಿ ತೋರಿಸುತ್ತಾರೆ. ಎಚ್ಚರ ಒಂದೇ: ಈ ಎರಡನೇ ಸಾಲಿನ ನೋಟಗಳೆಲ್ಲ ಏಳರಿಂದ ಏಳು ಹತ್ತರ ಹೊರಗೇ ಇರಬೇಕು. ಇಲ್ಲವಾದರೆ ಅಟ್ಟದ ಕಿಟಕಿಯ ದೋಷ ಹಿಂಬಾಗಿಲಿಂದ ಮತ್ತೆ ಬರುತ್ತದೆ. ಎರಡನೇ ಸಾಲು ಬರೆದ ಮೇಲೆ ಪಟ್ಟಿಯನ್ನು ಇನ್ನೊಮ್ಮೆ ಹಾಕಿನೋಡಿ.

ಊಟದ ಸಮಯವೂ ಮಾತಿನ ದಾರಿ ಕೆಡಿಸುತ್ತದೆ. ತಟ್ಟೆ ಇಡ್ಲಿ ಬಂತು ಅಂದರೆ ಜನ ಇಬ್ಬಿಬ್ಬರಾಗಿ ಒಡೆಯುತ್ತಾರೆ, ಒಬ್ಬರ ಸುಳಿವು ಇನ್ನೊಬ್ಬರ ಕಿವಿಗೆ ಮಾತ್ರ ಬಿದ್ದು ಅಲ್ಲೇ ನಿಲ್ಲುತ್ತದೆ. ಊಟ ಆಟಕ್ಕೆ ಮುಂಚೆ ಇಡಿ, ಇಲ್ಲವೇ ಎಲ್ಲ ಆದಮೇಲೆ.

ಒಬ್ಬರು ಬರಲೇ ಇಲ್ಲ

ಪ್ರತಿ ಚೀಟಿಯೂ ಬೇಕೇಬೇಕು ಅಂದಮೇಲೆ ಒಬ್ಬ ಅತಿಥಿ ತಪ್ಪಿದರೂ ಆಟ ನಿಲ್ಲುತ್ತದೆ. ಈ ಥರದ ಆಟದ ದೊಡ್ಡ ಮಿತಿ ಇದು, ಇದಕ್ಕೆ ಮೊದಲೇ ತಯಾರಿ ಬೇಕು. ಬೆಂಗಳೂರಿನಿಂದ ಹೊರಟವರು ನೆಲಮಂಗಲದ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ಫೋನ್ ಮಾಡುವುದು ಆಟ ಶುರುವಾಗುವ ಹೊತ್ತಿಗೇ.

ಸುಳಿವುಗಳನ್ನು ವಸ್ತು ಮಾಡಿದ್ದರ ಲಾಭ ಇಲ್ಲಿ ಕಾಣುತ್ತದೆ. ಅಳಿಯ ಪಾತ್ರದವರು ಬರದಿದ್ದರೆ ಆ ಪಾತ್ರ ಕಥೆಯಲ್ಲಿ ಶಂಕಿತನಾಗಿ ಉಳಿಯಲಿ, ಅವನ ಫೋಟೊವನ್ನು ಕವರಿನಲ್ಲಿ ಹಾಕಿ ಗೋಡೆಯ ಮೊಳೆಗೆ ನೇತುಹಾಕಿದ ಶರ್ಟಿನ ಜೇಬಿನಲ್ಲಿಡಿ. ಎರಡನೇ ಸಾಲಿನಲ್ಲಿ ಅವನ ಕಡೆ ಬೆರಳು ತೋರಿಸುವವರು ಹೇಗೂ ಇದ್ದಾರೆ, ಹುಡುಕುತ್ತಾರೆ. ಮೇಸ್ತ್ರಿ, ತಮ್ಮ ಇವರದ್ದೂ ಹೀಗೇ ಮಾಡಬಹುದು. ದಲ್ಲಾಳಿ ಮತ್ತು ಸಾವಿತ್ರಮ್ಮನ ಸುಳಿವು ಬಾಯಿಮಾತಿನದು, ಅವರು ತಪ್ಪಿದರೆ ಅದನ್ನು ಪೊಲೀಸರಿಗೆ ಬರೆದುಕೊಟ್ಟ ಹೇಳಿಕೆಯಾಗಿ ಅಚ್ಚುಮಾಡಿಟ್ಟುಕೊಳ್ಳಿ. ತಪ್ಪಿದವರ ಚೀಟಿಯನ್ನು ಬಂದವರಲ್ಲಿ ಒಬ್ಬರಿಗೆ ಕೊಡುವುದು ನನಗೆ ಇಷ್ಟವಿಲ್ಲ. ಒಬ್ಬರ ಕೈಯಲ್ಲಿ ಎರಡು ಸುಳಿವು ಸೇರಿದ ಕೂಡಲೇ ಅವರೇ ಆಟದ ಯಜಮಾನರಾಗುತ್ತಾರೆ, ಉಳಿದವರು ಅವರ ಸುತ್ತ ಕೂರುತ್ತಾರೆ.

ಗುಮಾಸ್ತ ಪಾತ್ರದವರೇ ಬರದಿದ್ದರೆ ಮಾತ್ರ ಬೇರೆ. ಕೊಲೆಗಾರ ಕೋಣೆಯಲ್ಲಿ ಇಲ್ಲದೆ ಆಟಕ್ಕೆ ಜೀವ ಇರುವುದಿಲ್ಲ. ಆಗ ಅಳಿಯ, ಮೇಸ್ತ್ರಿ ಅಥವಾ ತಮ್ಮ ಆಗಬೇಕಿದ್ದವರಿಗೆ ಗುಮಾಸ್ತನ ಲಕೋಟೆ ಕೊಟ್ಟು, ಅವರ ಹಳೆಯ ಪಾತ್ರದ ವಸ್ತುವನ್ನು ಶರ್ಟಿನ ಜೇಬಿಗೆ ಕಳಿಸಿ. ಅವರು ತಮ್ಮ ಹಳೆಯ ಚೀಟಿಯನ್ನು ಇನ್ನೂ ತೆರೆದಿರಬಾರದು. ಅದಕ್ಕಾಗಿ ಚೀಟಿಗಳನ್ನು ವಾಟ್ಸ್ಆಪ್‌ನಲ್ಲಿ ಹಿಂದಿನ ದಿನ ಕಳಿಸಬೇಡಿ. ಪಾತ್ರದ ಹೆಸರು, ಹಾಕಿಕೊಂಡು ಬರಬೇಕಾದ ಬಟ್ಟೆ ಮಾತ್ರ ಮೊದಲೇ ತಿಳಿಸಿ, ಸುಳಿವಿನ ಲಕೋಟೆಯನ್ನು ಎಲ್ಲರೂ ಬಂದು ಕೂತ ಮೇಲೆ ಕೈಗೆ ಕೊಡಿ.